ಎರಡು ಬಸ್ಸು, ಎರಡು ಪೆಟ್ಟಿಗೆ: ಯಾವುದನ್ನು ಹತ್ತೋದು?

ಶಾಲೆಗೆ ಎರಡು ಬಸ್ಸಿವೆ ಅಂತಿಟ್ಟುಕೊಳ್ಳಿ. ಹನ್ನೊಂದು ದಿನ ಹಿಡಿದ ನಿಮಿಷಗಳನ್ನು ಬರೆದು, ಒಂದೊಂದಕ್ಕೂ ಬಾಕ್ಸ್ ಪ್ಲಾಟ್ ಎಳೆದಿದ್ದೀರಿ.

ಪೆಟ್ಟಿಗೆಯೊಳಗಿನ ಗೆರೆ ಮಧ್ಯಾಂಕ, ಅಂದರೆ ನಿಮಿಷಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು: ಕೆಂಪು ಬಸ್ಸಿಗೆ 28, ಹಸಿರಿಗೆ 26. ಹಸಿರೇ ವಾಸಿ ಅನ್ನಬೇಡಿ, ಪೆಟ್ಟಿಗೆಯ ಅಂಚು ನೋಡಿ. ಅವೇ ಚತುರ್ಥಕಗಳು, ಸುಮಾರು ಅರ್ಧದಷ್ಟು ದಿನಗಳು ಅವುಗಳ ನಡುವೆ ಇರುತ್ತವೆ. ಕೆಂಪಿಗೆ 24ರಿಂದ 31, ಹಸಿರಿಗೆ 18ರಿಂದ 38. ಪೆಟ್ಟಿಗೆ ಉದ್ದವಿದೆ ಅಂದರೆ ದಿನಗಳು ಹೆಚ್ಚು ಅಂತಲ್ಲ, ಏರುಪೇರು ಹೆಚ್ಚು.

ಪೆಟ್ಟಿಗೆಯ ಅಂಚಿನಿಂದ ಹೊರಗೆ ಚಾಚುವ ಗೆರೆಯೇ ಮೀಸೆ. ಕೆಂಪಿನ ಮೇಲಿನ ಮೀಸೆ 33ಕ್ಕೇ ನಿಂತಿದೆ, ಆಚೆ 55ರಲ್ಲೊಂದು ಒಂಟಿ ಚುಕ್ಕೆ. ಯಾಕೆ? ಪೆಟ್ಟಿಗೆಯ ಉದ್ದ 7. ಅದರ ಒಂದೂವರೆ ಪಟ್ಟು 10.5. ಅದನ್ನು 31ಕ್ಕೆ ಕೂಡಿಸಿದರೆ 41.5. ಮೀಸೆ ಈ ಗಡಿಯೊಳಗಿನ ಕೊನೆಯ ದಿನಕ್ಕೇ ನಿಲ್ಲುತ್ತದೆ, ಗಡಿ ದಾಟಿದ್ದು ಹೊರಬಿಂದು. ಟೈರ್ ಪಂಕ್ಚರ್ ಆದ ದಿನವಿರಬೇಕು! ಹಸಿರಿನ ಮೀಸೆ 45ರವರೆಗೂ ಚಾಚಿದೆ, ಚುಕ್ಕೆಯಿಲ್ಲ.

ಬೆಲ್ ಹೊಡೆಯಲು 35 ನಿಮಿಷವಿದ್ದರೆ ನಾನು ಕೆಂಪು ಬಸ್ಸನ್ನೇ ಹತ್ತುತ್ತೇನೆ. ಅದರಲ್ಲಿ ತಡವಾದದ್ದು ಒಂದೇ ದಿನ. ಹಸಿರಿನಲ್ಲಿ ಕನಿಷ್ಠ ಮೂರು ದಿನ.