ಮೆಟ್ಟಿಲ ದೀಪದ ಟೂ-ವೇ ಸ್ವಿಚ್‌ಗೆ ಸ್ಮಾರ್ಟ್ ರಿಲೇ: ಎರಡೂವರೆ ವರ್ಷದ ಬಳಕೆಯ ಅನುಭವ

ಶಿವಮೊಗ್ಗದ ನಮ್ಮ ಮನೆಯ ಮೆಟ್ಟಿಲ ದೀಪಕ್ಕೆ 2022ರ ಡಿಸೆಂಬರಿನಲ್ಲಿ ಸ್ವಿಚ್ ಬೋರ್ಡಿನ ಒಳಗೆ ಕೂತು, ವೈಫೈ ಮೂಲಕ ಫೋನಿನ ಆ್ಯಪಿನಿಂದಲೂ ದೀಪ ಹೊತ್ತಿಸಿ ಆರಿಸುವ ಬಗೆಯ ಸ್ಮಾರ್ಟ್ ರಿಲೇ ಹಾಕಿಸಿದೆ. ಸಂಜೆಯಾದೊಡನೆ ದೀಪ ತಾನಾಗಿ ಹೊತ್ತಬೇಕು, ರಾತ್ರಿ ಹನ್ನೊಂದಕ್ಕೆ ಆರಬೇಕು ಎಂಬುದು ನನ್ನ ಆಸೆಯಾಗಿತ್ತು. ಅಮ್ಮನದು ಇನ್ನೊಂದು ಷರತ್ತು: ಕೆಳಗಿನ ಸ್ವಿಚ್ ಒತ್ತಿ ಮೇಲೆ ಹತ್ತಿ, ಮೇಲಿನ ಸ್ವಿಚ್‌ನಲ್ಲಿ ಆರಿಸುವ ಹಳೆಯ ಅಭ್ಯಾಸಕ್ಕೆ ಒಂದಿಷ್ಟೂ ಅಡ್ಡಿಯಾಗಕೂಡದು. ಮೊದಲನೆಯದನ್ನು ಯಾವ ರಿಲೇ ಆದರೂ ಮಾಡಿಕೊಡುತ್ತದೆ. ಎರಡನೆಯದನ್ನು ಸರಿಯಾಗಿ ಪಡೆಯಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಆದುದರಿಂದ ಈ ವಿಮರ್ಶೆಯ ಹೆಚ್ಚಿನ ಭಾಗ ಅದರ ಕುರಿತೇ ಇದೆ.

ಹಳೆಯ ವೈರಿಂಗ್ ಹೇಗಿತ್ತು ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಟೂ-ವೇ ಸ್ವಿಚ್‌ಗೆ ಮೂರು ತುದಿಗಳಿರುತ್ತವೆ, ನಡುವಿನದು ಕಾಮನ್. ಕೆಳಗಿನ ಸ್ವಿಚ್‌ನ ಕಾಮನ್‌ಗೆ ಫೇಸ್ ಬರುತ್ತದೆ, ಮೇಲಿನ ಸ್ವಿಚ್‌ನ ಕಾಮನ್‌ನಿಂದ ದೀಪಕ್ಕೆ ವೈರ್ ಹೋಗುತ್ತದೆ, ಉಳಿದ ತುದಿಗಳನ್ನು ಎರಡು ವೈರ್‌ಗಳು ಕೆಳಗಿನಿಂದ ಮೇಲಕ್ಕೆ ಜೋಡಿಸುತ್ತವೆ. ಈ ಜೋಡಿ ವೈರ್‌ಗಳಲ್ಲಿ ಒಂದರಲ್ಲಿ ಯಾವಾಗಲೂ ಫೇಸ್ ಇರುತ್ತದೆ, ಇನ್ನೊಂದು ಖಾಲಿ ಇರುತ್ತದೆ. ಕೆಳಗಿನ ಸ್ವಿಚ್ ಒತ್ತಿದಾಗ ಫೇಸ್ ಒಂದು ವೈರ್‌ನಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಮೇಲಿನ ಸ್ವಿಚ್ ಫೇಸ್ ಇರುವ ವೈರ್‌ನ ಕಡೆಗಿದ್ದರೆ ದೀಪ ಉರಿಯುತ್ತದೆ, ಖಾಲಿ ವೈರ್‌ನ ಕಡೆಗಿದ್ದರೆ ಆರಿರುತ್ತದೆ.

ನಮ್ಮ ಎಲೆಕ್ಟ್ರಿಷಿಯನ್ ಮೊದಲು ರಿಲೇಯನ್ನು ಮೇಲಿನ ಕಾಮನ್ ಮತ್ತು ದೀಪದ ನಡುವೆ ಸೇರಿಸಿದರು. ಸಾಮಾನ್ಯ ಸ್ವಿಚ್‌ಗೆ ಹಾಕಿದಂತೆಯೇ ಹಾಕಿದ್ದರಿಂದ ಅವರನ್ನು ದೂರುವಂತಿಲ್ಲ. ಆದರೆ ಹಾಗೆ ಹಾಕಿದಾಗ ಸ್ವಿಚ್‌ನಲ್ಲಿ ಆರಿಸಿದರೆ ರಿಲೇಗೇ ಕರೆಂಟ್ ಇಲ್ಲದಾಗುತ್ತದೆ, ಆ್ಯಪಿನಲ್ಲಿ ಅದು ಕಾಣೆಯಾಗುತ್ತದೆ, ಸಂಜೆ ದೀಪ ಹೊತ್ತುವುದಿಲ್ಲ. ರಿಲೇಗೆ ಫೇಸ್ ಮತ್ತು ನ್ಯೂಟ್ರಲ್ ಹಗಲಿರುಳೂ ಇರಬೇಕು, ದೀಪಕ್ಕೆ ರಿಲೇಯಿಂದ ಮಾತ್ರ ಕರೆಂಟ್ ಹೋಗಬೇಕು, ಎರಡೂ ಸ್ವಿಚ್‌ಗಳು ದೀಪದ ಕರೆಂಟನ್ನು ಹೊರುವುದನ್ನು ಬಿಟ್ಟು ರಿಲೇಗೆ ಸೂಚನೆ ಕೊಡುವ ಕೆಲಸವನ್ನಷ್ಟೇ ಮಾಡಬೇಕು. ಇದೊಂದು ಮನದಟ್ಟಾದರೆ ವೈರಿಂಗ್ ತೀರಾ ಸರಳವಾಗುತ್ತದೆ.

ನಾನು ಕೊಂಡ ರಿಲೇಯಲ್ಲಿ ಸ್ವಿಚ್‌ನ ಸೂಚನೆಗಾಗಿ ಎಸ್‌ಡಬ್ಲ್ಯೂ ಎಂಬ ಒಂದೇ ತುದಿ ಇದೆ, ಅದಕ್ಕೆ 230 ವೋಲ್ಟ್ ಫೇಸನ್ನೇ ಕೊಡಬಹುದು. ಆದ್ದರಿಂದ ಕೆಳಗಿನ ಸ್ವಿಚ್‌ನ ಜೋಡಣೆಯನ್ನು ಬದಲಿಸುವ ಅಗತ್ಯವೇ ಬರಲಿಲ್ಲ. ಮೇಲಿನ ಕಾಮನ್‌ನಿಂದ ದೀಪಕ್ಕೆ ಹೋಗುತ್ತಿದ್ದ ವೈರನ್ನು ಬಿಚ್ಚಿ ರಿಲೇಯಿಂದ ಕರೆಂಟ್ ಹೊರಬರುವ ಓ ತುದಿಗೆ ಹಾಕಿ, ಆ ಕಾಮನ್‌ನಿಂದ ಒಂದು ಸಣ್ಣ ತುಂಡು ವೈರನ್ನು ಎಸ್‌ಡಬ್ಲ್ಯೂಗೆ ಕೊಟ್ಟರೆ ಮುಗಿಯಿತು. ಮಾರುಕಟ್ಟೆಯಲ್ಲಿ ಇನ್ನೊಂದು ಬಗೆಯೂ ಸಿಗುತ್ತದೆ: ಅದರಲ್ಲಿ ಸ್ವಿಚ್‌ಗೆ ಎಸ್1, ಎಸ್2 ಎಂಬ ಎರಡು ತುದಿಗಳಿರುತ್ತವೆ, ಅವುಗಳಿಗೆ ಫೇಸ್ ತಾಗಿದರೆ ರಿಲೇ ಸುಟ್ಟುಹೋಗುತ್ತದೆ. ಆ ಬಗೆಯಲ್ಲಿ ಕೆಳಗಿನ ಕಾಮನ್ ಮತ್ತು ಮೇಲಿನ ಕಾಮನ್ ಎರಡನ್ನೂ ರಿಲೇಯ ಬಳಿಗೆ ತರಬೇಕಾಗುವುದರಿಂದ ಮಹಡಿಗಳ ನಡುವೆ ಮೂರನೆಯ ವೈರ್ ಎಳೆಯಲೇಬೇಕು. ಇದು ಕೊಳ್ಳುವ ಮುನ್ನವೇ ನೋಡಿಕೊಳ್ಳಬೇಕಾದ ಸಂಗತಿ. ಬೆಲೆ ಕಡಿಮೆ ಎಂದು ಎರಡನೆಯದನ್ನು ತಂದು ಗೋಡೆಯ ಪೈಪಿನಲ್ಲಿ ಜಾಗವಿಲ್ಲದೆ ಹಿಂದಿರುಗಿಸಿದ ಪರಿಚಯದವರು ನನಗಿದ್ದಾರೆ.

ವೈರ್ ಎಳೆಯುವ ಕೆಲಸ ನಮಗೂ ತಪ್ಪಲಿಲ್ಲ, ಆದರೆ ಕಾರಣ ಬೇರೆ. ಮೇಲಿನ ಬೋರ್ಡಿನಲ್ಲಿ ಸಾಕೆಟ್ ಇದ್ದುದರಿಂದ ಫೇಸ್, ನ್ಯೂಟ್ರಲ್ ಎರಡೂ ಅಲ್ಲೇ ಸಿಕ್ಕವು ಎಂದುಕೊಂಡಿದ್ದೆ. ಮೆಟ್ಟಿಲ ದೀಪದ ಎಂಸಿಬಿಯನ್ನು ಇಳಿಸಿ ಸಾಕೆಟ್‌ಗೆ ಟೆಸ್ಟರ್ ಇಟ್ಟಾಗ ಅದು ಹೊಳೆಯಿತು. ಅಂದರೆ ಸಾಕೆಟ್‌ನ ಲೈನೇ ಬೇರೆ. ಎರಡು ಬೇರೆ ಲೈನ್‌ಗಳ ಫೇಸ್ ಒಂದೇ ರಿಲೇಯಲ್ಲಿ ಸೇರಿದರೆ ಒಂದು ಎಂಸಿಬಿ ಇಳಿಸಿ ನಿಶ್ಚಿಂತೆಯಿಂದ ಕೈ ಹಾಕಿದವನಿಗೆ ಇನ್ನೊಂದು ಲೈನಿನಿಂದ ಶಾಕ್ ಹೊಡೆಯುತ್ತದೆ. ತ್ರೀ ಫೇಸ್ ಸಂಪರ್ಕವಿದ್ದು ಕೆಳಗಿನ ಮನೆ ಒಂದು ಫೇಸ್‌ನಲ್ಲಿ, ಮಹಡಿ ಇನ್ನೊಂದರಲ್ಲಿ ಇದ್ದರಂತೂ ರಿಲೇಯ ಒಳಗೆ 400 ವೋಲ್ಟ್‌ಗೂ ಮೀರಿದ ಅಂತರ ಬಂದು ಅದು ಆ ಕ್ಷಣವೇ ಹಾಳಾಗಬಹುದು. ಲೈನ್‌ಗಳಿಗೆ ಕರೆಂಟ್ ಸೋರಿದರೆ ಲೈನನ್ನು ಕಡಿಯುವ ಆರ್‌ಸಿಸಿಬಿ ಬೇರೆ ಬೇರೆ ಇದ್ದರೆ, ಒಂದರ ಫೇಸ್ ಹಾಗೂ ಇನ್ನೊಂದರ ನ್ಯೂಟ್ರಲ್ ಬಳಸಿದ ಕಡೆ ಅದು ಸುಮ್ಮಸುಮ್ಮನೆ ಟ್ರಿಪ್ ಆಗುತ್ತಿರುತ್ತದೆ. ಕೆಳಗಿನ ಬೋರ್ಡಿನಿಂದಲೇ ಅದೇ ಲೈನಿನ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ 1 ಚದರ ಮಿಲಿಮೀಟರ್ ವೈರ್‌ನಲ್ಲಿ ಮೇಲಕ್ಕೆ ಎಳೆಸಿದೆ, ದೀಪದ ನ್ಯೂಟ್ರಲನ್ನೂ ಅದಕ್ಕೇ ಸೇರಿಸಿದೆ. ಅರ್ಧ ದಿನದ ಕೆಲಸವಾಯಿತು.

ಆ್ಯಪಿನಲ್ಲಿ ಒಂದು ಹೊಂದಾಣಿಕೆ ತಪ್ಪಬಾರದು. ಸ್ವಿಚ್ ಬಗೆಯನ್ನು Toggle ಎಂದು ಇಟ್ಟರೆ ರಿಲೇ ಸ್ವಿಚ್‌ನ ಸ್ಥಿತಿಯನ್ನು ಹಿಂಬಾಲಿಸುತ್ತದೆ. ಹನ್ನೊಂದಕ್ಕೆ ಆ್ಯಪ್ ಆರಿಸಿದ ದೀಪವನ್ನು ಹೊತ್ತಿಸಲು ಕೆಲವೊಮ್ಮೆ ಸ್ವಿಚ್ ಎರಡು ಸಲ ಒತ್ತಬೇಕಾಗುತ್ತದೆ. Edge ಎಂದು ಇಟ್ಟರೆ ಎಸ್‌ಡಬ್ಲ್ಯೂನಲ್ಲಿ ಫೇಸ್ ಬಂದರೂ ಸರಿ, ಹೋದರೂ ಸರಿ, ಪ್ರತಿ ಬದಲಾವಣೆಗೂ ದೀಪ ತನ್ನ ಸ್ಥಿತಿಯನ್ನು ಬದಲಿಸುತ್ತದೆ. ಟೂ-ವೇ ಸ್ವಿಚ್‌ಗಳು ಮಾಡುತ್ತಿದ್ದುದೂ ಇದನ್ನೇ ಆದ್ದರಿಂದ ಅಮ್ಮನಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ.

ಮೊದಲ ವಾರ ಎಲ್ಲವೂ ಚೆನ್ನಾಗಿತ್ತು. ಎರಡನೆಯ ವಾರದಲ್ಲಿ ಬೆಳಗಿನ ಜಾವ ದೀಪ ತಾನಾಗಿ ಉರಿಯತೊಡಗಿತು. ಕೆಲವೊಮ್ಮೆ ಸ್ವಿಚ್ ಒತ್ತಿದರೂ ಏನೂ ಆಗುತ್ತಿರಲಿಲ್ಲ, ಮತ್ತೊಮ್ಮೆ ಒತ್ತಿದರೆ ಆಗುತ್ತಿತ್ತು. ರಿಲೇ ಕೆಟ್ಟಿದೆ ಎಂದು ಬದಲಿಸಿದೆವು, ಹೊಸದೂ ಹಾಗೆಯೇ ಮಾಡಿತು. ಸುಳಿವು ಕೊಟ್ಟದ್ದು ಅಮ್ಮ: “ನೀನು ಟ್ಯಾಂಕಿಗೆ ಮೋಟಾರು ಹಾಕಿದಾಗಲೇ ಹೊತ್ತಿಕೊಳ್ಳುತ್ತೆ ನೋಡು.” ಮೋಟಾರಿನ ಸ್ವಿಚ್‌ನ ವೈರ್ ಮೆಟ್ಟಿಲ ವೈರ್‌ಗಳಿರುವ ಪೈಪಿನಲ್ಲೇ ಹಾದುಹೋಗುತ್ತದೆ ಎಂಬುದು ಆಗ ನೆನಪಾಯಿತು.

ಮೀಟರ್ ಹಿಡಿದು ನೋಡಿದೆ. ಮೇಲಿನ ಸ್ವಿಚ್ ಖಾಲಿ ವೈರ್‌ನ ಕಡೆ ಇದ್ದಾಗ ಎಸ್‌ಡಬ್ಲ್ಯೂ ಮತ್ತು ನ್ಯೂಟ್ರಲ್ ನಡುವೆ ಸೊನ್ನೆ ಇರಬೇಕಿತ್ತು, 90 ವೋಲ್ಟ್ ತೋರಿಸಿತು. ಮೋಟಾರು ಹಾಕಿದಾಗ ಇನ್ನೂ ಏರಿತು. ಅದೇ ಎರಡು ತುದಿಗಳಿಗೆ ಹೋಲ್ಡರಿನಲ್ಲಿದ್ದ ಹಳೆಯ ಜೀರೋ ಬಲ್ಬ್ ಸೇರಿಸಿದೊಡನೆ ಮೀಟರ್ ಸೊನ್ನೆಗೆ ಇಳಿಯಿತು. ಇದು ಒಳ್ಳೆಯ ಪರೀಕ್ಷೆ: ವೈರ್ ಎಲ್ಲೋ ಸುಲಿದು ಫೇಸ್ ತಾಗುತ್ತಿದ್ದರೆ ಬಲ್ಬ್ ಉರಿಯುತ್ತಿತ್ತು, ವೋಲ್ಟ್ ಹಾಗೆಯೇ ನಿಲ್ಲುತ್ತಿತ್ತು. ಬಲ್ಬ್ ಸೇರಿಸಿದ ಕೂಡಲೇ ಬಿದ್ದುಹೋಯಿತೆಂದರೆ ಅದು ಪಕ್ಕದ ವೈರ್‌ನಿಂದ ಹರಡಿಕೊಂಡ, ಬಲವಿಲ್ಲದ ವೋಲ್ಟೇಜು. ನಮ್ಮಲ್ಲಿ ಜೋಡಿ ವೈರ್‌ಗಳು ಸುಮಾರು 12 ಮೀಟರ್ ದೂರ ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತವೆ, ಹಾಗಾಗಿ ಅವು ತಾವೇ ಒಂದು ಸಣ್ಣ ಕೆಪಾಸಿಟರ್ ಆಗುತ್ತವೆ. ಫೇಸ್ ಇರುವ ವೈರ್ ಖಾಲಿ ವೈರ್‌ಗೆ ಅಲ್ಪಸ್ವಲ್ಪ ಕರೆಂಟನ್ನು ದಾಟಿಸುತ್ತದೆ. ರಿಲೇಯ ಎಸ್‌ಡಬ್ಲ್ಯೂ ತುದಿ ಎಳೆದುಕೊಳ್ಳುವ ಕರೆಂಟ್ ತೀರಾ ಕಡಿಮೆಯಾದ್ದರಿಂದ ಆ ಅಲ್ಪವೇ ಅದಕ್ಕೆ ಸೂಚನೆಯಂತೆ ಕಾಣುತ್ತದೆ.

ಇಲ್ಲಿ ನನಗೆ ಒಂದು ಹಳೆಯ ಒಗಟೂ ಬಿಡಿಸಿದಂತಾಯಿತು. ಎಲ್‌ಇಡಿ ಬಲ್ಬ್ ಹಾಕಿದ ಮೇಲೆ ನಮ್ಮ ಮೆಟ್ಟಿಲ ದೀಪ ಆರಿಸಿದರೂ ಕತ್ತಲಲ್ಲಿ ಮಿಣಮಿಣ ಎನ್ನುತ್ತಿತ್ತು. ಅದಕ್ಕೂ ಇದೇ ಕಾರಣ. ರಿಲೇ ಬಂದ ಮೇಲೆ ದೀಪದ ವೈರ್ ಈ ಜೋಡಿಯಿಂದ ಬೇರೆಯಾದುದರಿಂದ ಮಿಣುಕು ನಿಂತಿತು, ತೊಂದರೆ ಮಾತ್ರ ದೀಪವನ್ನು ಬಿಟ್ಟು ಎಸ್‌ಡಬ್ಲ್ಯೂ ತುದಿಗೆ ಸ್ಥಳಾಂತರವಾಯಿತು.

ಪರಿಹಾರ ಚಿಕ್ಕದು. ಎಸ್‌ಡಬ್ಲ್ಯೂ ಮತ್ತು ನ್ಯೂಟ್ರಲ್ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಗೂ 100 ಓಮ್ ರೆಸಿಸ್ಟರ್ ಒಂದರ ಹಿಂದೊಂದು ಇರುವ ಬಿಡಿಭಾಗವನ್ನು ಹಾಕಿದೆ. ಮೋಟಾರು, ಫ್ಯಾನ್‌ಗಳ ಕಿಡಿ ತಗ್ಗಿಸಲು ಸ್ನಬ್ಬರ್ ಎಂಬ ಹೆಸರಿನಲ್ಲಿ ಸಿಗುವುದು ಇದೇ. ಕೆಪಾಸಿಟರ್ ಮೇಲೆ ಎಕ್ಸ್2 ಎಂಬ ಗುರುತು ಮತ್ತು 275 ವೋಲ್ಟ್ ಎಸಿ ಎಂದು ಇರಲೇಬೇಕು, ಏಕೆಂದರೆ ಅದು ಗಂಟೆಗಟ್ಟಲೆ ಫೇಸ್–ನ್ಯೂಟ್ರಲ್ ನಡುವೆ ಇರುತ್ತದೆ. ಲೆಕ್ಕವೂ ಹೊಂದುತ್ತದೆ: 12 ಮೀಟರ್ ಜೋಡಿ ವೈರ್‌ನ ಕೆಪಾಸಿಟನ್ಸ್ ಹೆಚ್ಚೆಂದರೆ 1 ನ್ಯಾನೋಫ್ಯಾರಡ್ ಆಸುಪಾಸು, ನಾವು ಹಾಕಿದ್ದು 100 ನ್ಯಾನೋಫ್ಯಾರಡ್. 230 ವೋಲ್ಟ್ ಈ ಅನುಪಾತದಲ್ಲಿ ಹಂಚಿಹೋದರೆ ಎಸ್‌ಡಬ್ಲ್ಯೂನಲ್ಲಿ ಉಳಿಯುವುದು ಎರಡು ವೋಲ್ಟ್‌ನಷ್ಟು. ನಮ್ಮ ಮೀಟರ್ 3 ತೋರಿಸಿತು. 2023ರ ಏಪ್ರಿಲ್‌ನಲ್ಲಿ ಅದನ್ನು ಹಾಕಿದ ದಿನದಿಂದ ಇಂದಿನವರೆಗೆ ದೀಪ ಒಮ್ಮೆಯೂ ತಾನಾಗಿ ಉರಿದಿಲ್ಲ, ಒಂದು ಒತ್ತುವಿಕೆಯೂ ತಪ್ಪಿಲ್ಲ.

ಉಳಿದ ವಿಷಯಗಳನ್ನು ಚುಟುಕಾಗಿ ಹೇಳುತ್ತೇನೆ. ವೈಫೈ ಇಲ್ಲದಿದ್ದರೂ ಎರಡೂ ಸ್ವಿಚ್‌ಗಳು ಕೆಲಸ ಮಾಡುತ್ತವೆ. ಕರೆಂಟ್ ಹೋಗಿ ಬಂದಾಗ ದೀಪ ಯಾವ ಸ್ಥಿತಿಯಲ್ಲಿರಬೇಕು ಎಂಬುದನ್ನು ಆ್ಯಪಿನಲ್ಲಿ ನಾವೇ ಹೇಳಬೇಕು. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಹೋಗಿ ಬರುವ ನಮ್ಮೂರಿನಲ್ಲಿ ಹಿಂದಿನ ಸ್ಥಿತಿಗೆ ಮರಳುವಂತೆ ಇಟ್ಟಿದ್ದೇನೆ. ಕರೆಂಟ್ ಬಂದ ಮೇಲೆ ಒಂದೆರಡು ಸೆಕೆಂಡ್ ಸ್ವಿಚ್ ಕೇಳುವುದಿಲ್ಲ. ರಿಲೇ ಸದಾ ಎಳೆಯುವುದು 1 ವ್ಯಾಟ್‌ಗಿಂತ ಕಡಿಮೆ, ಅಂದರೆ ವರ್ಷಕ್ಕೆ 9 ಯೂನಿಟ್ ಮೀರದು. ತಗಡಿನ ಬಾಕ್ಸಿನೊಳಗೆ ವೈಫೈ ಸಿಗ್ನಲ್ ಕುಗ್ಗುತ್ತದೆ, ನಮ್ಮ ರೂಟರ್ ಮೇಲಿನ ಹಾಲ್‌ನಲ್ಲಿಯೇ ಇರುವುದರಿಂದ ಸಾಕಾಗಿದೆ.

ರಿಲೇ ಎಂದಾದರೂ ಕೈಕೊಟ್ಟರೆ ಏನು ಎಂಬ ಪ್ರಶ್ನೆಗೆ ಉತ್ತರವನ್ನು ಕಳೆದ ಜನವರಿಯಲ್ಲಿ ಮಾಡಿಯೇ ನೋಡಿದೆ. ದೀಪದ್ದು, ಸಾಕೆಟ್‌ನದು ಎರಡೂ ಎಂಸಿಬಿ ಇಳಿಸಿ, ಎರಡೂ ಬೋರ್ಡ್‌ಗಳಲ್ಲಿ ಟೆಸ್ಟರ್ ಇಟ್ಟು ಖಚಿತಪಡಿಸಿಕೊಂಡು, ರಿಲೇಯ ಎಸ್‌ಡಬ್ಲ್ಯೂ ಮತ್ತು ಓ ತುದಿಗಳ ವೈರ್‌ಗಳನ್ನು ಬಿಚ್ಚಿ ಒಂದೇ ಕನೆಕ್ಟರಿಗೆ ಸೇರಿಸಿ, ಸ್ನಬ್ಬರನ್ನು ಆ ಕನೆಕ್ಟರ್ ಮತ್ತು ನ್ಯೂಟ್ರಲ್ ನಡುವೆಯೇ ಉಳಿಸಿ, ಉಳಿದ ತುದಿಗಳಿಗೆ ಟೇಪ್ ಸುತ್ತಿದೆ. ಐದು ನಿಮಿಷದಲ್ಲಿ ಹಳೆಯ ಟೂ-ವೇ ವೈರಿಂಗ್ ಯಥಾಪ್ರಕಾರ ಮರಳಿತು. ಸ್ನಬ್ಬರ್ ಈಗ ದೀಪಕ್ಕೆ ಸಮಾನಾಂತರವಾಗಿ ನಿಂತುದರಿಂದ ಎಲ್‌ಇಡಿಯ ಮಿಣುಕೂ ಇರಲಿಲ್ಲ. ಮತ್ತೆ ರಿಲೇ ಜೋಡಿಸಿ, ಈ ಎರಡು ವೈರ್‌ಗಳಿಗೆ ಹಳದಿ ಟೇಪ್ ಸುತ್ತಿ, ಮುಂದೆ ಬರುವ ಎಲೆಕ್ಟ್ರಿಷಿಯನ್‌ಗೆ ತಿಳಿಯಲೆಂದು ನಕ್ಷೆಯೊಂದನ್ನು ಬೋರ್ಡಿನ ಪ್ಲೇಟಿನ ಹಿಂಬದಿಗೆ ಅಂಟಿಸಿದ್ದೇನೆ.