ಸಂಬಳದ ದಿನವೇ ಹಣ ಹಂಚುವ ಮೂರು ಖಾತೆಗಳ ಪದ್ಧತಿ: ಐದು ವರ್ಷ ಬಳಸಿದ ಮೇಲಿನ ವಿಮರ್ಶೆ

ಸಂಬಳ ಬಂದ ಕೂಡಲೇ ಬಿಲ್ಲಿಗೊಂದು, ಉಳಿತಾಯಕ್ಕೊಂದು, ದಿನದ ಖರ್ಚಿಗೊಂದು ಖಾತೆಗೆ ಹಣ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಿಡುವ ಪದ್ಧತಿ ಇದು. ಚೆನ್ನಾಗಿಯೇ ನಡೆಯುತ್ತದೆ. ಕೆಡುವುದು ಹೆಚ್ಚಾಗಿ ಲೆಕ್ಕದಲ್ಲಲ್ಲ, ತಾರೀಖಿನಲ್ಲಿ.

ಕೈಗೆ ₹52,000 ಬರುವ ಸಂಬಳವನ್ನೇ ತೆಗೆದುಕೊಳ್ಳಿ. ಬಾಡಿಗೆ 14,000, ಸಾಲದ ಕಂತು 6,500, ಕರೆಂಟು, ಮೊಬೈಲು, ಇಂಟರ್ನೆಟ್ಟಿಗೆ 2,100. ಒಟ್ಟು 22,600. ಹೆಚ್ಚಿನವರ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ, ಆಮೇಲೆ ವಿಮೆಯ ಕಂತು ಬಂದ ತಿಂಗಳು ಉಳಿತಾಯಕ್ಕೆ ಕೈಹಾಕಬೇಕಾಗುತ್ತದೆ. ವರ್ಷಕ್ಕೊಮ್ಮೆ ಬರುವ ವಿಮೆ, ಗಾಡಿಯ ಇನ್ಶೂರೆನ್ಸ್, ಸರ್ವಿಸ್ ಎಲ್ಲ ಸೇರಿ 30,000 ಆದರೆ, ಅದರ ಹನ್ನೆರಡನೇ ಒಂದು ಪಾಲು, ಅಂದರೆ 2,500, ಪ್ರತಿ ತಿಂಗಳೂ ಬಿಲ್ ಖಾತೆಗೇ ಹೋಗಬೇಕು. ಅಲ್ಲಿಗೆ 25,100. ಉಳಿತಾಯಕ್ಕೆ, ಅಂದರೆ ಬ್ಯಾಂಕಿನ ಆರ್‌ಡಿ ಮತ್ತು ಮ್ಯೂಚುವಲ್ ಫಂಡಿನ ಎಸ್‌ಐಪಿಗೆ, 9,000. ಖರ್ಚಿಗೆ ಉಳಿಯುವುದು 17,900.

ಈಗ ತಾರೀಖಿನ ವಿಷಯ. ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ನೋಡುವುದು ತಾರೀಖನ್ನು ಮಾತ್ರ. ಸಂಬಳ ಬಂತೋ ಇಲ್ಲವೋ ಅದಕ್ಕೆ ಗೊತ್ತಿರುವುದಿಲ್ಲ. 1ನೇ ತಾರೀಖು ಭಾನುವಾರ ಬಿದ್ದು ಕಂಪನಿ ಸೋಮವಾರ ಸಂಬಳ ಹಾಕಿತು ಎನ್ನಿ. 1ಕ್ಕೆ ಇಟ್ಟ ವರ್ಗಾವಣೆ ಖಾಲಿ ಖಾತೆಯ ಮೇಲೆ ಓಡಿ ವಿಫಲವಾಗುತ್ತದೆ. ಕೆಲವು ಬ್ಯಾಂಕುಗಳು ಮರುದಿನ ಮತ್ತೆ ಯತ್ನಿಸುತ್ತವೆ, ಕೆಲವು ಆ ತಿಂಗಳನ್ನೇ ಕೈಬಿಡುತ್ತವೆ. ಸಾಲದ ಕಂತು ಮಾತ್ರ ಕಾಯುವುದಿಲ್ಲ: ಕಂತನ್ನು ಖಾತೆಯಿಂದ ತಾನಾಗಿ ಕಡಿತ ಮಾಡುವ ನ್ಯಾಚ್ ವ್ಯವಸ್ಥೆ 2021ರ ಆಗಸ್ಟ್ 1ರಿಂದ ಭಾನುವಾರ, ರಜಾದಿನಗಳಲ್ಲೂ ನಡೆಯುತ್ತಿದೆ. ಬಿಲ್ ಖಾತೆ ಖಾಲಿಯಿದ್ದರೆ ಕಂತು ಬೌನ್ಸ್. ಆಗ ನಿಮ್ಮ ಬ್ಯಾಂಕೂ ದಂಡ ಹಾಕುತ್ತದೆ, ಸಾಲ ಕೊಟ್ಟವರೂ ಹಾಕುತ್ತಾರೆ. ಬ್ಯಾಂಕಿನ ದಂಡ ಕೆಲವೊಮ್ಮೆ ಕೆಲವು ದಿನ ಬಿಟ್ಟು ಕಡಿತವಾಗುವುದರಿಂದ ಯಾವುದಕ್ಕೆ ಹೋಯಿತೆಂದು ತಕ್ಷಣ ಹೊಳೆಯುವುದಿಲ್ಲ. ಸ್ಟೇಟ್‌ಮೆಂಟಿನಲ್ಲಿ ಗುರುತಿಲ್ಲದ ಕೆಲವು ನೂರು ರೂಪಾಯಿಯ ಕಡಿತ ಕಂಡರೆ ಮೊದಲು ಹಿಂದಿನ ಕಂತಿನ ತಾರೀಖನ್ನು ನೋಡಿ.

ಇದಕ್ಕೆ ನಿಜವಾದ ಪರಿಹಾರ ಒಂದೇ: ಬಿಲ್ ಖಾತೆಯಲ್ಲಿ ಒಂದು ತಿಂಗಳ ಬಾಡಿಗೆ ಮತ್ತು ಕಂತಿನಷ್ಟು, ಇಲ್ಲಿ 20,500, ಯಾವಾಗಲೂ ಮುಟ್ಟದೆ ಇಡುವುದು. ಆಗ ಸಂಬಳ ನಾಲ್ಕು ದಿನ ತಡವಾದರೂ ಕಂತು ಹಳೆಯ ಹಣದಲ್ಲೇ ಹೋಗುತ್ತದೆ. ಅಷ್ಟು ಕೂಡುವವರೆಗೆ ವರ್ಗಾವಣೆಯನ್ನು ಸಂಬಳದ ಮಾಮೂಲಿ ದಿನಕ್ಕಿಂತ ಎರಡು ದಿನ ಮುಂದಕ್ಕೆ, 3ಕ್ಕೆ, ಇಡಿ. ಕಂತಿನ ತಾರೀಖನ್ನು 5 ಅಥವಾ 7ಕ್ಕೆ ಬದಲಿಸಿಕೊಡಿ ಎಂದು ಸಾಲ ಕೊಟ್ಟವರನ್ನು ಕೇಳಿ. ಎಸ್‌ಐಪಿ 10ರ ಆಚೆಗಿರಲಿ.

ಕಂತನ್ನು ಸಂಬಳದ ಖಾತೆಯಿಂದಲೇ ಕಟ್ಟಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಒಂದು ಕೊಂಡಿಯೂ ಕಡಿಮೆಯಾಗುತ್ತದೆ. ಆದರೆ ಕೆಲಸ ಬದಲಿಸಿದರೆ ಹೊಸ ಕಂಪನಿ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆಸಬಹುದು, ಆಗ ಹಣ ಕಡಿತಕ್ಕೆ ಒಪ್ಪಿಗೆ ಕೊಟ್ಟ ಎಲ್ಲ ಮ್ಯಾಂಡೇಟುಗಳನ್ನೂ ಹೊಸದಾಗಿ ಕೊಡಬೇಕು. ಬಿಲ್ ಖಾತೆ ಬೇರೆಯಿದ್ದರೆ ಬದಲಿಸಬೇಕಾದದ್ದು ಅದಕ್ಕೆ ಹಣ ತರುವ ವರ್ಗಾವಣೆಯನ್ನಷ್ಟೇ. ಹೀಗಾಗಿ ನನ್ನ ಮತ ಬೇರೆ ಖಾತೆಗೇ. ಹಳೆಯ ಸಂಬಳದ ಖಾತೆಯನ್ನು ಹಾಗೇ ಬಿಡಬೇಡಿ: ಕೆಲವು ತಿಂಗಳು ಸಂಬಳ ಬರದಿದ್ದರೆ ಅದು ಸಾಮಾನ್ಯ ಉಳಿತಾಯ ಖಾತೆಯಾಗಿ, ಕನಿಷ್ಠ ಬ್ಯಾಲೆನ್ಸ್ ಇಲ್ಲವೆಂದು ದಂಡ ಬೀಳಬಹುದು.

ಖರ್ಚಿನ ಖಾತೆಗೆ 17,900ನ್ನು ಒಮ್ಮೆಗೇ ಹಾಕಿದರೆ ಇಪ್ಪತ್ತನೇ ತಾರೀಖಿಗೆ ಖಾಲಿ. ಪ್ರತಿ ಸೋಮವಾರ 4,000ದಂತೆ ಬಿಡುವುದು ಮೇಲು. ಇಲ್ಲೊಂದು ಸೂಕ್ಷ್ಮವಿದೆ: ನಾಲ್ಕು ಸೋಮವಾರದ ತಿಂಗಳಲ್ಲಿ 1,900 ಉಳಿಯುತ್ತದೆ, ಐದು ಸೋಮವಾರದ ತಿಂಗಳಲ್ಲಿ 2,100 ಸಾಲದೆ ಬರುತ್ತದೆ. ವರ್ಷದಲ್ಲಿ ಐದರ ತಿಂಗಳು ಸಾಮಾನ್ಯವಾಗಿ ನಾಲ್ಕು. ಉಳಿದದ್ದನ್ನು ಸಂಬಳದ ಖಾತೆಯಲ್ಲೇ ಬಿಟ್ಟರೆ ಸರಿಹೋಗುತ್ತದೆ. ಶುರು ಮಾಡುವುದನ್ನು ಮಾತ್ರ ಸಾಲಾಗಿ ಎರಡು ತಿಂಗಳು ನಾಲ್ಕೇ ಸೋಮವಾರ ಬರುವಾಗ ಮಾಡಿ.

ಯುಪಿಐ ಆ್ಯಪಿನಲ್ಲಿ ಖರ್ಚಿನ ಖಾತೆ ಒಂದನ್ನೇ ಇಟ್ಟು ಸಂಬಳದ ಖಾತೆಯೂ ಸೇರಿ ಉಳಿದವನ್ನೆಲ್ಲ ತೆಗೆದುಹಾಕಿ. ಇದನ್ನು ಮಾಡದಿದ್ದರೆ ತರಕಾರಿಯ ಹಣವೂ ಸಂಬಳದ ಖಾತೆಯಿಂದಲೇ ಹೋಗುತ್ತಿರುತ್ತದೆ.

ಕೊನೆಯದಾಗಿ, ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕುವಾಗ ಮುಕ್ತಾಯದ ತಾರೀಖು ಕೇಳುತ್ತದೆ. ಒಂದು ವರ್ಷ ಎಂದು ಕೊಟ್ಟು ಮರೆತರೆ ಹದಿಮೂರನೇ ತಿಂಗಳು ಏನೂ ಹೇಳದೆ ನಿಂತಿರಬಹುದು. ಆ ತಾರೀಖಿಗಿಂತ ಹದಿನೈದು ದಿನ ಮೊದಲಿಗೆ ಫೋನಿನಲ್ಲಿ ರಿಮೈಂಡರ್ ಇಡಿ.