ಒಂದೇ ಗುಂಡಿಗೆ ಮೂರು ಸಲ ಬರೆದೆ: ಯಾವುದಕ್ಕೆ ಉತ್ತರ ಬಂತು?

ತೀರ್ಥಹಳ್ಳಿ ಕಡೆ ನಮ್ಮೂರಿನ ರಸ್ತೆಯಲ್ಲಿ ಮೋರಿ ಪಕ್ಕ ಒಂದು ತಿರುವಿದೆ. ಹೋದ ಜುಲೈನಲ್ಲಿ ಅಲ್ಲಿ ಗುಂಡಿ ಬಿತ್ತು. ಡೈರಿಗೆ ಹಾಲು ತರುವವರೊಬ್ಬರು ಅದರಲ್ಲಿ ಬೈಕ್ ಇಳಿಸಿ ಬಿದ್ದರು, ಮೊಣಕೈ ಚರ್ಮ ಕಿತ್ತುಹೋಯಿತು. ಅವತ್ತೇ ರಾತ್ರಿ ನಾನು ಫೇಸ್‌ಬುಕ್‌ನಲ್ಲಿ ಬರೆದೆ. ಸಿಟ್ಟಲ್ಲಿದ್ದೆ, ಬಾಯಿಗೆ ಬಂದ ಹಾಗೆ ಬರೆದೆ. ಕಮಿಷನ್ ತಿಂದವರು ಅಂದೆ, ಗೊತ್ತಿದ್ದ ದೊಡ್ಡವರನ್ನೆಲ್ಲ ಟ್ಯಾಗ್ ಮಾಡಿದೆ.

ಲೈಕ್ ಚೆನ್ನಾಗಿಯೇ ಬಂದವು. ಕಮೆಂಟಿನಲ್ಲಿ ಎರಡು ಪಕ್ಷದವರು ಜಗಳಕ್ಕೆ ಬಿದ್ದರು. ಗುಂಡಿ ಎಲ್ಲಿದೆ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಹೇಳಿರಲಿಲ್ಲ. ಬಿದ್ದವರ ಮನೆಯವರಿಗೂ ಬೇಜಾರಾಯಿತು, ಅವರ ಬೈಕ್ ನಂಬರ್ ಫೋಟೋದಲ್ಲಿ ಕಾಣುತ್ತಿತ್ತು. ಮಾರನೇ ದಿನ ಅಳಿಸಿದೆ.

ಎರಡನೇ ಸಲ ಎಕ್ಸ್‌ನಲ್ಲಿ ಬರೆದೆ, ಈ ಸಲ ಮರ್ಯಾದೆಯಿಂದ. ಆದರೆ ರಾಷ್ಟ್ರೀಯ ಹೆದ್ದಾರಿಯವರಿಂದ ಹಿಡಿದು ನಾಲ್ಕು ಕಚೇರಿ ಟ್ಯಾಗ್ ಮಾಡಿದ್ದೆ. ವಾರ ಕಳೆದರೂ ಯಾರೂ ಮಾತಾಡಲಿಲ್ಲ. ಹೀಗೆ ನಾಲ್ಕು ಕಡೆ ಹಾಕಿದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ, ಅಲ್ವಾ? ರಸ್ತೆ ಯಾರದ್ದು ಎಂದು ಮೊದಲು ತಿಳಿದುಕೊಳ್ಳಬೇಕಿತ್ತು. ಅದಕ್ಕೆ ಕಿಲೋಮೀಟರ್ ಕಲ್ಲು ನೋಡಿದರೆ ಸಾಕು. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಇದ್ದರೆ ಹಳ್ಳಿ ರಸ್ತೆ. ನಮ್ಮ ಕಲ್ಲು ಜರಿಗಿಡದೊಳಗೆ ಮುಚ್ಚಿಹೋಗಿತ್ತು. ಕತ್ತಿಯಿಂದ ಸವರಿ, ಪಾಚಿ ಕೆರೆದು ನೋಡಿದೆ. ಹಳದಿ ಅಲ್ಲವೇ ಅಲ್ಲ.

ಮೂರನೇ ಸಲ ಮೊದಲು ಜನಸ್ಪಂದನ ಸಹಾಯವಾಣಿ 1902ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ನಂಬರ್ ಸಿಕ್ಕಿತು. ಆಮೇಲೆ ಸರಿಯಾದ ಒಂದೇ ಕಚೇರಿಯನ್ನು ಟ್ಯಾಗ್ ಮಾಡಿ ಬರೆದೆ:

"ನಮಸ್ಕಾರ. ಮೋರಿ ಪಕ್ಕದ ತಿರುವಿನಲ್ಲಿ ಸುಮಾರು 6 ಅಡಿ ಉದ್ದ, ಒಂದು ಗೇಣು ಆಳದ ಗುಂಡಿ ಇದೆ. ಮೋರಿ ಕಟ್ಟಿಕೊಂಡು ನೀರು ರಸ್ತೆ ಮೇಲೆ ಹರಿಯುತ್ತಿದೆ. ಸದ್ಯಕ್ಕೆ ಮೋರಿ ಬಿಡಿಸಿ, ಜಲ್ಲಿ ತುಂಬಿಸಿಕೊಡಿ ಎಂದು ವಿನಂತಿ. ದೂರಿನ ನಂಬರ್ ಮತ್ತು ಲೊಕೇಶನ್ ಕೆಳಗಿದೆ."

ಲೊಕೇಶನ್‌ಗೆ ಗೂಗಲ್ ಮ್ಯಾಪ್‌ನಲ್ಲಿ ಆ ಜಾಗದ ಮೇಲೆ ಬೆರಳು ಒತ್ತಿ ಹಿಡಿದೆ, ಬಂದ ಅಂಕಿಗಳನ್ನು ಹಾಗೇ ಹಾಕಿದೆ. ಫೋಟೋ ಎರಡು. ಒಂದರಲ್ಲಿ ಗುಂಡಿಯೊಳಗೆ ಮಡಚಿದ ಕೊಡೆ ನಿಲ್ಲಿಸಿದ್ದೆ, ಆಳ ಗೊತ್ತಾಗಲಿ ಎಂದು. ಇನ್ನೊಂದರಲ್ಲಿ ಮೋರಿ ಬಾಯಿಗೆ ತುಂಬಿಕೊಂಡ ತರಗೆಲೆ. ಕಚೇರಿ ಹೆಸರನ್ನು ಸಾಲಿನ ಶುರುವಿನಲ್ಲಿ ಹಾಕಲಿಲ್ಲ. @ ಇಂದ ಶುರುವಾದರೆ ಎಕ್ಸ್ ಅದನ್ನು ಮರುಉತ್ತರ ಅಂತ ಎಣಿಸುತ್ತದೆ, ಜಾಸ್ತಿ ಜನರಿಗೆ ಕಾಣುವುದಿಲ್ಲ. ಎರಡನೇ ಸಲ ನಾನು ಮಾಡಿದ್ದ ತಪ್ಪುಗಳಲ್ಲಿ ಇದೂ ಒಂದು.

ಮೂರನೇ ದಿನ ಇಂಜಿನಿಯರೊಬ್ಬರು ಫೋನ್ ಮಾಡಿದರು. "ಸರ್, ಈ ಮಳೆಲಿ ಡಾಂಬರು ಹಾಕಿದ್ರೆ ಹಿಡಿಯಲ್ಲ, ಕಿತ್ಕೊಂಡು ಬರುತ್ತೆ. ಮೊದಲು ನೀರು ಹೋಗೋ ದಾರಿ ಆಗ್ಬೇಕು" ಎಂದರು. ಮಾತು ಸರಿಯಾಗಿತ್ತು. ಡಾಂಬರಿಗೆ ನೆಲ ಒಣಗಿರಬೇಕು, ನಮ್ಮ ಕಡೆ ಅದು ಮಳೆಗಾಲ ಮುಗಿದ ಮೇಲೇ. "ಕೂಡಲೇ ಡಾಂಬರು ಹಾಕಿ" ಎಂದು ಕೇಳಿದ್ದರೆ "ಆಗಲ್ಲ" ಎನ್ನುವುದು ಅವರಿಗೆ ಸುಲಭವಾಗುತ್ತಿತ್ತು. ಮಳೆಯಲ್ಲೂ ಆಗುವ ಕೆಲಸ ಕೇಳಿದ್ದರಿಂದ ಮಾತು ಮುಂದುವರಿಯಿತು.

ಆದರೂ ಸಲೀಸಾಗಿ ಮುಗಿಯಲಿಲ್ಲ. ಹತ್ತು ದಿನದ ಮೇಲೆ ದೂರು "ಪರಿಹರಿಸಲಾಗಿದೆ" ಎಂದು ಬಂತು. ಹೋಗಿ ನೋಡಿದರೆ ಗುಂಡಿ ಹಾಗೇ ಇದೆ, ನೀರು ತುಂಬಿದೆ. ಮೊದಲಿನ ಸಿಟ್ಟೇ ಬಂತು. ಆ ರಾತ್ರಿ ಏನೂ ಬರೆಯಲಿಲ್ಲ. ಬೆಳಿಗ್ಗೆ ಅದೇ ಜಾಗದಲ್ಲಿ ಅದೇ ಕೊಡೆ ಇಟ್ಟು ಫೋಟೋ ತೆಗೆದೆ. ಹಳೇ ಪೋಸ್ಟಿನ ಕೆಳಗೇ, "ದೂರು ಮುಗಿದಿದೆ ಎಂದು ಬಂದಿದೆ, ಇಂದು ಬೆಳಿಗ್ಗೆ ಜಾಗ ಹೀಗಿದೆ, ದಯವಿಟ್ಟು ಒಮ್ಮೆ ನೋಡಿ" ಎಂದು ಹಾಕಿದೆ. ಎರಡೂ ಫೋಟೋ ಒಂದರ ಕೆಳಗೊಂದು ಇದ್ದವು. ಬೇರೆ ಮಾತು ಬೇಕಾಗಲಿಲ್ಲ. ಆ ವಾರದಲ್ಲೇ ಮೋರಿ ಬಿಡಿಸಿದರು, ಜಲ್ಲಿ ಹಾಕಿದರು.

ನನಗೆ ಅನ್ನಿಸಿದ್ದು, ದೂರಿನ ನಂಬರ್ ಇಲ್ಲದ ಪೋಸ್ಟ್ ಎರಡು ದಿನಕ್ಕೆ ಕೆಳಗೆ ಹೋಗಿಬಿಡುತ್ತದೆ. ಪೋಸ್ಟ್ ಇಲ್ಲದೆ ಬರೀ ದೂರು ಕೊಟ್ಟಿದ್ದರೆ, ಅದು "ಮುಗಿದಿದೆ" ಎಂದಾಗ ನಾನೊಬ್ಬನೇ ಓದಿ ಸುಮ್ನೆ ಇರಬೇಕಿತ್ತು. ಎರಡೂ ಜೊತೆಗಿದ್ದಾಗ ಹಿಡಿತ ಸಿಕ್ಕಿತು. ಬೈದಿದ್ದರೆ ಆ ಇಂಜಿನಿಯರ್ ಫೋನ್ ಮಾಡುತ್ತಿರಲಿಲ್ಲ ಎಂದೇ ನಾನು ನಂಬಿದ್ದೇನೆ.

ಡಿಸೆಂಬರ್‌ನಲ್ಲಿ ಡಾಂಬರು ಬಿತ್ತು. ಅದೇ ಕಡೆಯಿಂದ ಫೋಟೋ ತೆಗೆದು, ಅದೇ ಪೋಸ್ಟಿನ ಕೆಳಗೆ ಧನ್ಯವಾದ ಹೇಳಿದೆ. ಮೋರಿಯಿಂದ ಮುಂದಿನ ಚರಂಡಿ ಇನ್ನೂ ತೆಗೆದಿಲ್ಲ. ಜೂನ್‌ಗೆ ಮುಂಚೆ ಅದಕ್ಕೊಂದು ದೂರು ಕೊಡಬೇಕು, ಹೊಸ ನಂಬರ್‌ನಲ್ಲಿ.